ವಪೆಯ ಕೆಳಗಿನ ಕರಿ ಗೆರೆ

ಹುಬ್ಬಳ್ಳಿಯಲ್ಲಿ ರೇಡಿಯಾಲಜಿ ಪಿಜಿಗೆ ಸೇರಿದಾಗ ಸ್ವಾಗತ ಭಾಷಣ ಇದೆ ಅಂದರು. ವಿಭಾಗದ ಇತಿಹಾಸ, ಶಿಸ್ತಿನ ಉಪದೇಶ ಇಷ್ಟೇ ಇರುತ್ತದೆ ಎಂದು ಕೂತಿದ್ದೆವು. ಸರ್ ಬಂದವರೇ ಲೈಟ್ ಆರಿಸಿ, ಪರದೆಯ ಮೇಲೆ ಒಂದು ಎದೆ ಎಕ್ಸ್‌ರೇ ಹಾಕಿದರು.

"ಹಾವೇರಿ ಕಡೆಯ ರೈತರು, ಅರವತ್ತು ದಾಟೇದ. ಫಾರ್ಮ್‌ನಾಗ ಕೆಮ್ಮು, ಜ್ವರ ಅಂತ ಬರದಾರ. ಏನ್ ಕಾಣಸ್ತದ ಹೇಳ್ರಿ."

ಎಡ ಶ್ವಾಸಕೋಶದ ಕೆಳಭಾಗದಲ್ಲಿ ಬಿಳಿ ಮಬ್ಬು ಕಾಣುತ್ತಿತ್ತು. ನ್ಯುಮೋನಿಯಾ ಎಂದೆವು.

"ಖರೆ. ಮುಂದ?"

ಮುಂದೇನೂ ಇರಲಿಲ್ಲ ನಮ್ಮ ಬಳಿ. ಸರ್ ಕರ್ಸರನ್ನು ಬಲಗಡೆಗೆ, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಗೆ ತಂದು ನಿಲ್ಲಿಸಿದರು. ವಪೆಗೂ ಲಿವರ್‌ಗೂ ನಡುವೆ ಉಗುರು ಕತ್ತರಿಸಿ ಬಿದ್ದ ಚೂರಿನಷ್ಟು ತೆಳ್ಳಗೆ ಕರಿ ಗೆರೆ. ಅದು ಗಾಳಿ. ಮೊಣಕಾಲು ನೋವಿಗೆಂದು ಆತ ತಿಂಗಳುಗಟ್ಟಲೆ ನುಂಗಿದ ಗುಳಿಗೆಗಳಿಂದ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್‌ನಲ್ಲಿ ಹುಣ್ಣಾಗಿ, ಅದು ತೂತು ಬಿದ್ದು ಗಾಳಿ ಹೊರಬಂದಿತ್ತು.

"ಕೆಮ್ಮಿನ ಕಾರಣ ಸಿಕ್ಕ ಕೂಡ್ಲೆ ಕಣ್ಣು ಹುಡುಕೂದು ಬಿಡ್ತದ. ಅದಕ್ಕ, ಎಲ್ಲಾ ಮುಗೀತು ಅನ್ನಿಸಿದ ಮ್ಯಾಲೆ ಮತ್ತ ನಾಕ್ ಕಡೆ ನೋಡ್ರಿ: ಶ್ವಾಸಕೋಶದ ತುದಿ, ಹೃದಯದ ಹಿಂದ, ವಪೆ ಕೆಳಗ, ಎಲುಬು."

ಎಡಗಡೆಯಾದರೆ ಜಠರದೊಳಗಿನ ಸಹಜ ಗಾಳಿಯೇ ಮೋಸ ಮಾಡುತ್ತದೆ. ಬಲಗಡೆಯಲ್ಲೂ ಕೆಲವೊಮ್ಮೆ ದೊಡ್ಡ ಕರುಳು ಲಿವರ್ ಮೇಲೆ ನುಸುಳಿರುತ್ತದೆ. ಆಗ ಗಾಳಿಯೊಳಗೆ ಕರುಳಿನ ಮಡಿಕೆಗಳು ಕಾಣುತ್ತವೆ. ರೋಗಿಯನ್ನು ಹತ್ತು ನಿಮಿಷ ನೆಟ್ಟಗೆ ಕೂರಿಸಿ ಫಿಲ್ಮ್ ತೆಗೆದರೆ ಗಾಳಿ ಮೇಲೇರಲು ಸಮಯ ಸಿಗುತ್ತದೆ. ಕೂರಲಾಗದವರನ್ನು ಎಡ ಮಗ್ಗುಲಿಗೆ ಮಲಗಿಸಿ ತೆಗೆಯಬೇಕು. ಗಾಳಿ ಕಾಣದಿದ್ದರೆ ತೂತಿಲ್ಲ ಎಂದು ಬರೆಯುವಂತಿಲ್ಲ. ಸಂಶಯವಿದ್ದರೆ ಸಿಟಿ ಸ್ಕ್ಯಾನ್ ಮಾಡಿಸಲೇಬೇಕು.

ಆಮೇಲೆ ಫೋನಿನ ಪಾಠ. ನನಗೆ ಹಿಡಿಸಿದ್ದೇ ಇದು. ಸರ್ ತಾವೇ ಸರ್ಜನ್ ಆಗಿ, ನಮ್ಮಲ್ಲೊಬ್ಬನಿಗೆ "ಫೋನ್ ಹಚ್ಚು" ಎಂದರು. ಆತ "ಸರ್, ಬಸಪ್ಪ ಅನ್ನೋ ಪೇಷಂಟ್..." ಎಂದು ಶುರು ಮಾಡಿದ.

"ಯಾವ ಬಸಪ್ಪ? ನಮ್ಮ ಕಡೆ ಒಂದ ಲಿಸ್ಟ್‌ನಾಗ ಇಬ್ರು ಬಸಪ್ಪ ಇರ್ತಾರ. ಆಸ್ಪತ್ರೆ ನಂಬರ್ ಹೇಳು, ವಯಸ್ಸು ಹೇಳು, ವಾರ್ಡ್ ಹೇಳು."

ರಿಪೋರ್ಟ್ ಟೈಪ್ ಆಗುವವರೆಗೆ ಕಾಯಬಾರದು, ಅಷ್ಟರಲ್ಲಿ ಹೊಟ್ಟೆಯೊಳಗೆ ಸೋಂಕು ಹರಡುತ್ತಿರುತ್ತದೆ. ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೇ ಹೇಳಬೇಕು. ವಾರ್ಡ್‌ಬಾಯ್ ಕೈಯಲ್ಲಿ ಮಾತು ಕಳಿಸುವುದಲ್ಲ. ಕೇಳಿದವರು ತಿರುಗಿ ಹೇಳಿದ ಮೇಲೆಯೇ ಫೋನ್ ಇಡಬೇಕು. ಯಾರಿಗೆ, ಎಷ್ಟು ಗಂಟೆಗೆ ತಿಳಿಸಿದೆವೆಂದು ರಿಪೋರ್ಟಿನಲ್ಲಿ ಬರೆಯಬೇಕು. ಎತ್ತದಿದ್ದರೆ ಡ್ಯೂಟಿ ಸರ್ಜನ್, ಅವರೂ ಎತ್ತದಿದ್ದರೆ ಕ್ಯಾಶುವಾಲ್ಟಿಗೆ ನಡೆದೇ ಹೋಗಬೇಕು.

"ತಪ್ಪಾದ್ರ ಸರ್?" ಎಂದು ಗೆಳತಿ ಕೇಳಿದಳು.

"ಸಂಶಯ ಅದ ಅಂತ್ಲೇ ಹೇಳವ್ವಾ. ರಾತ್ರಿ ಎಬ್ಬಿಸಿದ್ದಕ್ಕ ಬೈತಾರ, ಬೈಸ್ಕೊ."

ಭಾಷಣ ಮುಗಿಯಿತು. ಗೋಡೆಗೆ ಅಂಟಿಸಿದ್ದ ಇಂಟರ್‌ಕಾಮ್ ಪಟ್ಟಿ ತೋರಿಸಿ, ಒಂದೊಂದೇ ನಂಬರಿಗೆ ಫೋನ್ ಹಚ್ಚಿ ನೋಡಲು ಹೇಳಿದರು. ಐಸಿಯು ನಂಬರು ಬದಲಾಗಿತ್ತು. ಗೀಚಿ ಹೊಸದನ್ನು ಬರೆದೆವು.