ನಲವತ್ತೆರಡು ಪೋಸ್ಟ್, ಒಂದು ನೋಟ್‌ಬುಕ್

ಕಳೆದ ವರ್ಷ ಜೂನ್‌ನ ಒಂದು ಭಾನುವಾರ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತೆ. ಕೆಲಸ ಬಿಟ್ಟು ಕರಿಯರ್ ಕೋಚ್ ಆಗಿ ಐದು ತಿಂಗಳಾಗಿತ್ತು. ಅದಕ್ಕೂ ಮೊದಲು ಬೆಂಗಳೂರಿನ ಐಟಿ ಕಂಪನಿಗಳಿಗೆ ಹನ್ನೊಂದು ವರ್ಷ ಜನರನ್ನು ಹುಡುಕಿಕೊಡುತ್ತಿದ್ದೆ. ಈ ಐದು ತಿಂಗಳಲ್ಲಿ ಲಿಂಕ್ಡ್‌ಇನ್‌ನಲ್ಲಿ 42 ಪೋಸ್ಟ್ ಹಾಕಿದ್ದೆ. ದುಡ್ಡು ಕೊಟ್ಟು ಬಂದವರು ನಾಲ್ಕೇ ಜನ, ಅವರಲ್ಲೂ ಮೂವರು ಹಳೇ ಪರಿಚಯದವರು.

ಕಂಟೆಂಟ್ ಪಿಲ್ಲರ್, ಅಂದರೆ ಮತ್ತೆ ಮತ್ತೆ ಬರೆಯಲು ಆರಿಸಿಕೊಂಡ ವಿಷಯಗಳು, ನನಗೂ ಇದ್ದವು. ರೆಸ್ಯೂಮೆ, ಇಂಟರ್‌ವ್ಯೂ, ಲೀಡರ್‌ಶಿಪ್, ಸೋಮವಾರಕ್ಕೊಂದು ಸ್ಫೂರ್ತಿಯ ಮಾತು. ಕೋಚ್ ಅನ್ನಿಸಿಕೊಂಡವರೆಲ್ಲ ನಿಲ್ಲಿಸಿಕೊಳ್ಳುವ ಕಂಬಗಳೇ. ಹೆಸರು ಅಳಿಸಿದರೆ ಯಾರ ಪೋಸ್ಟ್ ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಅವತ್ತು 42 ಪೋಸ್ಟನ್ನೂ ಒಂದು ಶೀಟ್‌ಗೆ ಇಳಿಸಿದೆ. ಎಷ್ಟು ಜನ ನೋಡಿದರು, ನೋಡಿದವರು ಯಾರು, ಆಮೇಲೆ ಯಾರಾದರೂ ಮೆಸೇಜ್ ಮಾಡಿದರಾ. ಮೊದಲ ಸಾಲಲ್ಲೇ ಬುದ್ಧಿ ಬಂತು. ಅತಿ ಜಾಸ್ತಿ ಓಡಿದ್ದು ಖಾಲಿ ಹುದ್ದೆಗಳ ಒಂದು ಪಟ್ಟಿ. 31 ಸಾವಿರ ಇಂಪ್ರೆಷನ್, ಕೆಳಗೆ ಸಾಲುಸಾಲು ‘ಇಂಟರೆಸ್ಟೆಡ್’. ಅನಲಿಟಿಕ್ಸ್ ಒಳಗೆ ಹೋಗಿ ನೋಡಿದವರ ಹುದ್ದೆ ನೋಡಿದರೆ ಮುಕ್ಕಾಲು ಪಾಲು ವಿದ್ಯಾರ್ಥಿಗಳು, ಹೊಸಬರು. ನನ್ನ ಕೆಲಸವೋ ಎಂಟರಿಂದ ಹದಿನೈದು ವರ್ಷ ದುಡಿದವರ ಜೊತೆ. ಪಾಪ, ಆ ಮಕ್ಕಳಿಗೆ ಬೇಕಿದ್ದದ್ದು ಕೆಲಸ, ನಾನಲ್ಲ. ಇನ್ನೊಂದು ತುದಿಯಲ್ಲಿ ನೋಟಿಸ್ ಪೀರಿಯಡ್ ಬಗ್ಗೆ ಬೇಜಾರಲ್ಲಿ ಬರೆದ ಒಂದು ಪೋಸ್ಟ್ ಇತ್ತು. ನೋಡಿದವರು 1,900. ಆದರೆ ಪರಿಚಯವೇ ಇಲ್ಲದ ಇಬ್ಬರು ಅದನ್ನು ಓದಿ ಫೋನ್ ಮಾಡಿದ್ದರು. ನಾಲ್ಕನೆಯ ಗಿರಾಕಿ ಅವರಲ್ಲೊಬ್ಬರು.

ಆಮೇಲೆ ನೋಟ್‌ಬುಕ್ ತೆಗೆದೆ. ಮೊದಲ ಉಚಿತ ಕರೆಯಲ್ಲಿ ಜನ ಕೇಳುವ ಮೊದಲ ಪ್ರಶ್ನೆಯನ್ನು ಅವರ ಮಾತಲ್ಲೇ ಬರೆದಿಡುವ ಅಭ್ಯಾಸ ನನಗಿದೆ. ಅಷ್ಟರಲ್ಲಿ 26 ಕರೆ ಆಗಿದ್ದವು. ಹನ್ನೊಂದು ಜನ ಕೇಳಿದ್ದು ಆಫರ್, ನೋಟಿಸ್ ಬಗ್ಗೆ. ಏಳು ಜನ ಹೆರಿಗೆ ಅಥವಾ ಅಪ್ಪ ಅಮ್ಮನ ಕಾಯಿಲೆಗೆ ಕೆಲಸ ಬಿಟ್ಟು, ಮತ್ತೆ ಹೇಗೆ ಒಳಗೆ ಹೋಗೋದು ಅಂತ ಕೇಳಿದ್ದರು. ರೆಸ್ಯೂಮೆ ಮೂವರದು, ಉಳಿದವು ಚಿಲ್ಲರೆ. ಲೀಡರ್‌ಶಿಪ್? ಒಬ್ಬರೂ ಇಲ್ಲ.

ಆದರೂ ಲೀಡರ್‌ಶಿಪ್ ಕೈಬಿಡಲು ಮನಸ್ಸಾಗಲಿಲ್ಲ. ಕೇಳಲು ಚೆಂದ ಅಲ್ವಾ! ಸರಿ, ಇಂಟರ್‌ನೆಟ್ ನೋಡದೆ ಒಂದೊಂದು ವಿಷಯಕ್ಕೂ ಇಪ್ಪತ್ತು ಶೀರ್ಷಿಕೆ ಬರೆಯೋಣ ಅಂತ ಕೂತೆ. ಲೀಡರ್‌ಶಿಪ್ ಆರಕ್ಕೆ ನಿಂತಿತು, ಅದರಲ್ಲೂ ಎರಡು ಎಲ್ಲೋ ಓದಿದ್ದು. ನೋಟಿಸ್ ಮತ್ತು ಆಫರ್ ಅರ್ಧ ಗಂಟೆಯಲ್ಲಿ 23 ಆಯಿತು. ಕಂಬ ನನ್ನದಾ, ಬಾಡಿಗೆದಾ ಅಂತ ಗೊತ್ತಾಗಿದ್ದು ಅಲ್ಲೇ. ಕೊನೆಗೆ ಮೂರು ಉಳಿಸಿಕೊಂಡೆ: ಆಫರ್ ಮತ್ತು ನೋಟಿಸ್, ಗ್ಯಾಪ್ ನಂತರದ ವಾಪಸಾತಿ, ರಿಕ್ರೂಟರ್ ಮೇಜಿನ ಆಚೆ ಕಡೆ ಏನು ನಡೆಯುತ್ತದೆ ಅನ್ನುವುದು. ಮೊದಲೆರಡು ಓದುಗರ ಗಂಟಲಲ್ಲಿ ಸಿಕ್ಕಿಕೊಂಡ ಪ್ರಶ್ನೆ. ಮೂರನೆಯದು, ಇವಳ ಮಾತು ಯಾಕೆ ಕೇಳಬೇಕು ಅನ್ನುವುದಕ್ಕೆ ಉತ್ತರ.

ಮಾರನೇ ದಿನವೇ ಒಂದು ನಿಜವಾದ ಪ್ರಕರಣ ಬರೆದೆ. 90 ದಿನ ನೋಟಿಸ್ ಇರುವವರು, ಹೊಸ ಕಂಪನಿಗೆ 45 ದಿನದಲ್ಲಿ ಬೇಕು. ಬೈಔಟ್, ಅಂದರೆ ಬಾಕಿ ನೋಟಿಸ್ ದಿನಗಳಿಗೆ ಹಳೇ ಕಂಪನಿಗೆ ಕಟ್ಟಬೇಕಾದ ದುಡ್ಡು, ಕೊಡುತ್ತೇವೆ ಅಂತ ಫೋನಿನಲ್ಲಿ ಹೇಳಿದ್ದಾರೆ. ಆದರೆ ಹಳೇ ಕಂಪನಿ ದುಡ್ಡು ಹಿಡಿಯುವುದು ಬೇಸಿಕ್ ಲೆಕ್ಕದಲ್ಲಾ, ಗ್ರಾಸ್ ಲೆಕ್ಕದಲ್ಲಾ? ಹೊಸಬರು ಅದನ್ನು ಸಂಬಳದ ಜೊತೆ ಕೊಟ್ಟರೆ ತೆರಿಗೆ ಕಡಿತವಾಗಿ ಕೈಗೆ ಕಡಿಮೆ ಬರುತ್ತದೆ. ವರ್ಷದೊಳಗೆ ಬಿಟ್ಟರೆ ವಾಪಸ್ ಕೇಳುತ್ತಾರಾ? ರಾಜೀನಾಮೆ ಕೊಡುವ ಮೊದಲೇ ಇದೆಲ್ಲ ಆಫರ್ ಲೆಟರ್‌ನಲ್ಲಿ ಬರಬೇಕು. ಮೊದಲೆರಡು ಸಾಲಿನಲ್ಲೇ 90 ಮತ್ತು 45 ಇಟ್ಟೆ, ಯಾಕೆಂದರೆ ಫೀಡ್‌ನಲ್ಲಿ ಕಾಣುವುದು ಅಷ್ಟೇ. ಮಿಕ್ಕಿದ್ದಕ್ಕೆ ಅವರೇ ಒತ್ತಬೇಕು.

ಪೋಸ್ಟ್ ಓಡಿತು. ಸಂಜೆ ಅದೇ ವ್ಯಕ್ತಿಯ ಫೋನ್. “ಮೇಡಂ, ಇದು ನನ್ನದೇ ಅಲ್ವಾ? ನಮ್ಮ ಮ್ಯಾನೇಜರ್ ಲೈಕ್ ಮಾಡಿದ್ದಾರೆ.” ಹೆಸರು ಹಾಕಿರಲಿಲ್ಲ. ಆದರೆ ಹುದ್ದೆ, ಏರಿಯಾ, ದಿನಗಳ ಲೆಕ್ಕ ಮೂರೂ ಸೇರಿದರೆ ಹೆಸರು ಯಾಕೆ ಬೇಕು? ತಕ್ಷಣ ತೆಗೆದು, ಕ್ಷಮೆ ಕೇಳಿದೆ. ಅವರು ಇನ್ನೂ ರಾಜೀನಾಮೆ ಕೊಟ್ಟಿರಲಿಲ್ಲ. ಈಗ ಕೆಲಸ ಬದಲಾಯಿಸಿ ಮೂರು ತಿಂಗಳಾಗುವವರೆಗೆ ಯಾರ ಕಥೆಯನ್ನೂ ಬರೆಯುವುದಿಲ್ಲ. ಬರೆದರೂ ಮೊದಲು ಅವರಿಗೇ ಕಳಿಸುತ್ತೇನೆ. ಇದರಿಂದ ಪೋಸ್ಟ್ ಕಡಿಮೆಯಾಗಿವೆ.

ಇಂಪ್ರೆಷನ್ ಕೂಡ ಇಳಿಯಿತು. ಮುಂದಿನ ಮೂರು ತಿಂಗಳಲ್ಲಿ ಯಾವ ಪೋಸ್ಟೂ ಐದು ಸಾವಿರ ದಾಟಲಿಲ್ಲ, ಬಂದ ಗಿರಾಕಿಗಳು ಒಂಬತ್ತು. ಕರೆ ಮಾಡಿದವರು “ನೀವು ಬೈಔಟ್ ಬಗ್ಗೆ ಬರೀತೀರಲ್ಲ” ಅಂತಲೇ ಮಾತು ಶುರು ಮಾಡುತ್ತಿದ್ದರು.

ನಷ್ಟವಾಗಿದ್ದು ಶಿವಮೊಗ್ಗದ ನನ್ನ ಅಕ್ಕನಿಗೆ. “ಏನೇ, ಸೋಮವಾರದ್ದು ಯಾಕೆ ಹಾಕ್ತಿಲ್ಲ?” ಅಂತ ಫೋನ್ ಮಾಡಿದಳು. ಶೀಟ್ ತೆಗೆದು ನೋಡಿದೆ. ಆ ಪೋಸ್ಟ್‌ಗಳಿಗೆಲ್ಲ ತಪ್ಪದೆ ಲೈಕ್ ಕೊಟ್ಟಿದ್ದವಳು ಅವಳೊಬ್ಬಳೇ. ಈಗ ಅವಳಿಗೆ ಮಾತ್ರ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ.