ಹಸಿರು ಚುಕ್ಕಿ, ಕೆಂಪು ಚುಕ್ಕಿ, ಖಾಲಿ ಡಬ್ಬಿ

12 ಮಾರ್ಚ್ 2025, ಬುಧವಾರ

ನಾಳಿದ್ದು ಗ್ರಾಹಕರ ಮುಂದೆ ಪ್ರಾಜೆಕ್ಟ್ ಎಲ್ಲಿಗೆ ಬಂತು ಅಂತ ಹೇಳಬೇಕು. ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಸ್ಲೈಡ್ ಮಾಡಿ ಕಳಿಸಿದ್ದಳು. ವಿಷಯದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಸಾಲು ಸಾಲಿಗೂ ಒಂದೊಂದು ಎಮೋಜಿ. ಮೊದಲ ಸ್ಲೈಡ್ ಹೀಗಿತ್ತು:

🚀 ಈ ತ್ರೈಮಾಸಿಕದ ಪ್ರಗತಿ 🎉
✅ ಹೊಸ ಲಾಗಿನ್ ಪುಟ ಸಿದ್ಧ
🔥 ಸರ್ವರ್ ಬದಲಾವಣೆ ನಡೆಯುತ್ತಿದೆ
😬 ಪಾವತಿ ಪರೀಕ್ಷೆ ಎರಡು ವಾರ ತಡ

ಮಧ್ಯಾಹ್ನ ಇಬ್ಬರೂ ಕೂತು ನೋಡಿದೆವು. "ಎಮೋಜಿ ಹಾಕಲೇಬಾರದಾ ಮೇಡಂ?" ಅಂತ ಕೇಳಿದಳು. ಹಾಗೇನೂ ಇಲ್ಲ. ಒಂದೊಂದನ್ನೇ ಅಳಿಸಿ ನೋಡೋಣ, ಅಳಿಸಿದ ಮೇಲೆ ಸಾಲಿನ ಅರ್ಥ ಏನಾದರೂ ಕಡಿಮೆಯಾದರೆ ಉಳಿಸೋಣ ಅಂದೆ.

ರಾಕೆಟ್ ಹೋಯಿತು, ಏನೂ ಆಗಲಿಲ್ಲ. 🎉 ಕೂಡ ಹಾಗೇ. ಅದೂ ಅಲ್ಲದೆ ಕೆಳಗಡೆ "ಎರಡು ವಾರ ತಡ" ಅಂತ ಬರೆದು ಮೇಲೆ ಬಣ್ಣದ ಕಾಗದ ಹಾರಿಸಿದರೆ ಓದುವವರಿಗೆ ಏನನಿಸಬೇಕು?

ನಿಜವಾದ ತೊಂದರೆ ಇದ್ದದ್ದು 🔥ದಲ್ಲಿ. ಕೆಲಸ ಜೋರಾಗಿ ಸಾಗಿದೆ ಅನ್ನೋದು ಅವಳ ಅರ್ಥ. ಆದರೆ ಸರ್ವರ್ ಪಕ್ಕದಲ್ಲಿ ಬೆಂಕಿ ಕಂಡರೆ ಗ್ರಾಹಕರು ಮೊದಲು ಕೇಳೋದು "ಏನು ಕೆಟ್ಟಿದೆ?" ಅಂತಲೇ. ಚಾಟ್‌ನಲ್ಲಾದರೆ ಮುಂದಿನ ಮೆಸೇಜಿನಲ್ಲಿ ಸರಿಮಾಡಿಕೊಳ್ಳಬಹುದು. ಸ್ಲೈಡ್ ಹಾಗಲ್ಲ, ಮೀಟಿಂಗಿಗೆ ಬಾರದವರ ಕೈಗೂ ಅದು ಹೋಗುತ್ತದೆ. ಅಲ್ಲಿ ವಿವರಿಸಲು ನಾವಿರುವುದಿಲ್ಲ.

😬 ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದೆವು. "ನಮಗೂ ಬೇಜಾರಿದೆ ಅಂತ ತೋರಿಸೋಕೆ ಹಾಕಿದೆ" ಅಂದಳು. ಅವಳ ಮನಸ್ಸು ಒಳ್ಳೆಯದೇ. ಆದರೆ ತಡವಾದದ್ದು ಅವರ ದುಡ್ಡಿನ ಕೆಲಸ. ಅದನ್ನು ಹೇಳುವಾಗ ಪಕ್ಕದಲ್ಲಿ ಹಲ್ಲು ಕಿರಿದ ಮುಖವಿದ್ದರೆ ತಮಾಷೆಯಾಗಿ ತಗೊಂಡಿದ್ದೇವೆ ಅನಿಸುತ್ತದೆ. ಬೇಜಾರು ತೋರಿಸಲು ಕಾರಣವನ್ನೂ ಹೊಸ ತಾರೀಖನ್ನೂ ಬರೆಯುವುದೇ ದಾರಿ. "ಪಾವತಿ ಪರೀಕ್ಷೆ ಎರಡು ವಾರ ತಡ. ಟೆಸ್ಟ್ ಖಾತೆಗಳು ತಡವಾಗಿ ಸಿಕ್ಕವು. ಮಾರ್ಚ್ 28ಕ್ಕೆ ಮುಗಿಯುತ್ತದೆ" ಅಂತ ಬದಲಿಸಿದೆವು. ಕೆಟ್ಟ ಸುದ್ದಿಯ ಸಾಲಿಗೆ ಮುಖದ ಎಮೋಜಿ ಯಾವತ್ತೂ ಬೇಡ ಅನ್ನುವುದು ನನ್ನ ಹಠ.

✅ ಮಾತ್ರ ಏನೋ ಹೇಳುತ್ತಿತ್ತು, ಮುಗಿದಿದೆ ಅಂತ. ಅದನ್ನು ಉಳಿಸಬಹುದಿತ್ತು. ಆದರೆ ಆ ಹಸಿರು ಚೌಕ ಎಷ್ಟು ಜೋರಾಗಿದೆ ಅಂದರೆ ಶೀರ್ಷಿಕೆಗಿಂತ ಮೊದಲು ಕಣ್ಣು ಅಲ್ಲಿಗೇ ಹೋಗುತ್ತದೆ. ಎಮೋಜಿಗೆ ತನ್ನದೇ ಬಣ್ಣ, ನಾವು ಫಾಂಟ್ ಬಣ್ಣ ಬದಲಿಸಿದರೂ ಅದು ಬದಲಾಗುವುದಿಲ್ಲ. ಅದರ ಬದಲು ✓ ಹಾಕಿದರೆ ಅದು ಅಕ್ಷರದ ಬಣ್ಣವನ್ನೇ ತಗೊಳ್ಳುತ್ತದೆ, ಸಾಲಿನ ಜೊತೆ ಸುಮ್ನೆ ಕೂರುತ್ತದೆ. ಅದನ್ನೇ ಹಾಕಿದೆವು.

ಎರಡನೇ ಸ್ಲೈಡಿನಲ್ಲಿ ಒಂದು ಪಟ್ಟಿ. ಒಂದೊಂದು ಕೆಲಸದ ಎದುರು 🟢, 🟡, 🔴. ಇದನ್ನು ನೋಡಿ ನನಗೆ ಖುಷಿಯಾಯಿತು, ಯಾಕಂದ್ರೆ ಗುರುತುಗಳು ಕೆಲಸಕ್ಕೆ ಬರೋದು ಇಂಥ ಕಡೆಯೇ. ಮೂರೇ ಗುರುತು, ಎಲ್ಲ ಸಾಲಿನಲ್ಲೂ ಅದೇ ಅರ್ಥ, ಒಂದೇ ಕಾಲಮ್ಮಿನಲ್ಲಿ. ಕಣ್ಣು ಮೇಲಿಂದ ಕೆಳಗೆ ಓಡಿದರೆ ಸಾಕು.

ಆಮೇಲೆ ಅದನ್ನು ಮೀಟಿಂಗ್ ರೂಮಿನ ಹಳೇ ಕಂಪ್ಯೂಟರಿನಲ್ಲಿ ತೆರೆದೆವು. ಕೆಂಪು ಚುಕ್ಕಿ ಬಂತು. ಹಸಿರು, ಹಳದಿ ಇದ್ದ ಕಡೆ ಬರೀ ಖಾಲಿ ಡಬ್ಬಿ. ಅವಳು ಫೈಲ್ ಕೆಟ್ಟಿದೆ ಅಂದುಕೊಂಡಳು. ಫೈಲ್ ಚೆನ್ನಾಗಿಯೇ ಇತ್ತು. ಕಂಪ್ಯೂಟರುಗಳೆಲ್ಲ ಅಕ್ಷರ, ಎಮೋಜಿಗಳಿಗೆ ಬಳಸುವ ಪಟ್ಟಿಯೇ ಯೂನಿಕೋಡ್. ಕೆಂಪು ಚುಕ್ಕಿ ಅದಕ್ಕೆ ಸೇರಿದ್ದು 2010ರಲ್ಲಿ, ಹಸಿರು ಮತ್ತು ಹಳದಿ ಸೇರಿದ್ದು 2019ರಲ್ಲಿ. ಆ ಮಧ್ಯದಲ್ಲಿ ಅಪ್‌ಡೇಟ್ ನಿಂತುಹೋದ ಫಾಂಟ್ ಇರುವ ಕಂಪ್ಯೂಟರಿಗೆ ಕೆಂಪು ಗೊತ್ತು, ಉಳಿದೆರಡು ಗೊತ್ತಿಲ್ಲ. ಮೂರೂ ಕಾಣದೇ ಹೋಗಿದ್ದರೆ ಏನೋ ತಪ್ಪಾಗಿದೆ ಅಂತ ಯಾರಿಗಾದರೂ ಹೊಳೆಯುತ್ತಿತ್ತು. ಇಲ್ಲಿ ನಿಂತುಹೋದ ಒಂದು ಕೆಲಸ ಮಾತ್ರ ಕೆಂಪಾಗಿ ಎದ್ದು ಕಾಣುತ್ತದೆ, ಸರಿಯಾಗಿ ನಡೆದಿರುವ ಎಲ್ಲದಕ್ಕೂ ಉತ್ತರವೇ ಇಲ್ಲ. ಗ್ರಾಹಕರ ಮುಂದೆ ಇದಕ್ಕಿಂತ ಕೆಟ್ಟ ಚಿತ್ರ ಬೇಕಾ?

ಫಾಂಟ್ ಸರಿಯಾಗಿದ್ದರೂ ಇನ್ನೊಂದು ತೊಡಕಿದೆ. ಕೆಂಪು, ಹಸಿರಿನ ವ್ಯತ್ಯಾಸ ಕಾಣದವರು ಗಂಡಸರಲ್ಲಿ ಕಡಿಮೆಯೇನಿಲ್ಲ. ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದರಂತೂ ನಮಗೂ ಕಾಣುವುದಿಲ್ಲ, ಎಲ್ಲ ಚುಕ್ಕಿಯೂ ಬೂದು. ಹಾಗಾಗಿ ಬಣ್ಣವೊಂದನ್ನೇ ನಂಬಿ ಕೂರುವ ಹಾಗಿಲ್ಲ.

ಕೊನೆಗೆ ಹೀಗೆ ಮಾಡಿದೆವು. ಎಮೋಜಿ ಚುಕ್ಕಿಗಳನ್ನು ತೆಗೆದು, Insert ಒಳಗಿನ Shapes ನಿಂದ ಪುಟ್ಟ ವೃತ್ತ ಬರೆದು ಬಣ್ಣ ತುಂಬಿದೆವು. ಅದು ಚಿತ್ರ, ಅಕ್ಷರವಲ್ಲ. ಫಾಂಟಿನ ಗೊಡವೆಯೇ ಇಲ್ಲ. ಪ್ರತಿ ವೃತ್ತದ ಪಕ್ಕದಲ್ಲಿ "ಸರಿಯಾಗಿದೆ", "ಗಮನ ಬೇಕು", "ನಿಂತಿದೆ" ಅಂತ ಮಾತಿನಲ್ಲೂ ಬರೆದೆವು. ಮಾತು ಇದ್ದ ಮೇಲೆ ವೃತ್ತ ಬರೀ ಕಣ್ಣಿಗೆ ಸಹಾಯ. ಅದನ್ನು ಅಲಂಕಾರ ಅಂತ ಗುರುತು ಮಾಡಿಟ್ಟೆವು, ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಬಿಟ್ಟು ಮುಂದೆ ಹೋಗಲಿ ಅಂತ. ಈ ವಿಷಯ ಅವಳಿಗೆ ಹೊಸದು. ಸ್ಕ್ರೀನ್ ರೀಡರ್ ಎಮೋಜಿಯ ಹೆಸರನ್ನು ಓದುತ್ತದೆ. ಮೊದಲ ಸ್ಲೈಡನ್ನು ಹಾಗೇ ಬಿಟ್ಟಿದ್ದರೆ, ಕೇಳುವವರ ಕಿವಿಗೆ "ರಾಕೆಟ್, ಈ ತ್ರೈಮಾಸಿಕದ ಪ್ರಗತಿ" ಅಂತಲೇ ಶುರುವಾಗುತ್ತಿತ್ತು.

ಬಾಣದ ಗುರುತಿಗೂ ಒಂದು ಕಿರಿಕಿರಿ ಇತ್ತು. ಮೂರನೇ ಸ್ಲೈಡಿನಲ್ಲಿ "ದೂರುಗಳು ↓" ಅಂತ ಕೆಂಪು ಬಣ್ಣದಲ್ಲಿ. ದೂರು ಇಳಿದರೆ ಒಳ್ಳೆಯದಲ್ವಾ? ಕೆಳಗೆ ಬಂದದ್ದೆಲ್ಲ ಕೆಂಪು ಅಂತ ಕೈಗೆ ಅಭ್ಯಾಸವಾಗಿರುತ್ತದೆ, ಅಷ್ಟೇ. "ದೂರುಗಳು 40 → 25" ಅಂದರೆ ಬಣ್ಣವೇ ಬೇಡ, ಬಾಣವೂ ಎಲ್ಲಿಂದ ಎಲ್ಲಿಗೆ ಅನ್ನೋದನ್ನು ನೆಟ್ಟಗೆ ಹೇಳುತ್ತದೆ. ಆದರೆ ಅದೇ → ಅನ್ನು ಇನ್ನೊಂದು ಸಾಲಿನಲ್ಲಿ "ಆದ್ದರಿಂದ" ಅನ್ನುವ ಅರ್ಥಕ್ಕೂ ಬಳಸಿದ್ದಳು. ಅಲ್ಲಿ "ಆದ್ದರಿಂದ" ಅಂತಲೇ ಬರೆಸಿದೆ.

ಒಂದು ⚠ ಮಾತ್ರ ಇಡೀ ಫೈಲಿನಲ್ಲಿ ಉಳಿಯಿತು. ಹಳೇ ಡೇಟಾ ಅಳಿಸುವ ಹೆಜ್ಜೆಯ ಮುಂದೆ, ಅದನ್ನು ಮಾಡಿದರೆ ವಾಪಸ್ ತರಲಾಗುವುದಿಲ್ಲ ಅನ್ನುವ ಸಾಲಿಗೆ. ಮೊದಲು ನಾಲ್ಕು ಕಡೆ ಇತ್ತು. ನಾಲ್ಕು ಎಚ್ಚರಿಕೆ ಇದ್ದರೆ ಯಾರೂ ಒಂದನ್ನೂ ಓದುವುದಿಲ್ಲ. ಇದೂ ಒಂದು ಯಂತ್ರದಲ್ಲಿ ಕಪ್ಪು ಗೆರೆಯ ತ್ರಿಕೋನ, ಇನ್ನೊಂದರಲ್ಲಿ ಹಳದಿ ಎಮೋಜಿ. ಎರಡೂ ರೂಪದಲ್ಲಿ ಅರ್ಥ ಅದೇ ಆದ್ದರಿಂದ ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಕದಲ್ಲಿ "ಎಚ್ಚರಿಕೆ" ಅಂತಲೂ ಬರೆದಿದೆ.

ನಮ್ಮ ತಂಡದ ಶುಕ್ರವಾರದ ಮೀಟಿಂಗಿಗೆ ಇದೇ ಸ್ಲೈಡ್‌ಗಳ ಇನ್ನೊಂದು ಪ್ರತಿ ಮಾಡುತ್ತಾಳಂತೆ. ಅಲ್ಲಿ ಲಾಗಿನ್ ಪುಟ ಮುಗಿಸಿದವರ ಹೆಸರಿನ ಪಕ್ಕ 🎉 ಇರಲಿ ಅಂದೆ. ಅಲ್ಲಿ ಕೂರುವವರೆಲ್ಲ ದಿನವಿಡೀ ಚಾಟ್‌ನಲ್ಲಿ ಅದನ್ನೇ ಕಳಿಸಿಕೊಳ್ಳುವವರು, ಯಾರೂ ತಪ್ಪು ತಿಳಿಯುವುದಿಲ್ಲ. ಕೊನೆಯ ಸ್ಲೈಡಿನ "ಧನ್ಯವಾದಗಳು 🙏" ಬಗ್ಗೆ ಮಾತ್ರ ನಾವು ಒಪ್ಪಲಿಲ್ಲ. ಮಾತಿದ್ದ ಮೇಲೆ ಕೈ ಬೇಡ ಅಂತ ನಾನು. ಅದು ನಮಸ್ಕಾರ ಮೇಡಂ, ಅದರಲ್ಲೇನು ಅಂತ ಅವಳು. ಗ್ರಾಹಕರ ಪ್ರತಿಯಿಂದ ತೆಗೆದಳು, ನಮ್ಮದರಲ್ಲಿ ಇಟ್ಟುಕೊಂಡಳು.