ಒಂದೇ ಪೀರಿಯಡ್ ಅಲ್ವಾ ಮೇಡಂ

ಈ ಸೋಮವಾರ ಸ್ಟಾಫ್ ರೂಮಿನಲ್ಲಿ ಗಣಿತದ ಸರ್ ಕೇಳಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. “ಮೇಡಂ, ಸೋಮವಾರದ ಹತ್ತನೇ ಎ ಗಣಿತ ಏಳನೇ ಪೀರಿಯಡ್‌ಗೆ ಬಿದ್ದಿದೆ. ಮೊದಲನೇದಕ್ಕೆ ಹಾಕಿಕೊಡಿ. ಒಂದೇ ಪೀರಿಯಡ್ ಅಲ್ವಾ?”

ಕೇಳಿದ್ದರಲ್ಲಿ ತಪ್ಪೇನಿಲ್ಲ. ಸಂಜೆ ಹೊತ್ತಿಗೆ ಮಕ್ಕಳು ಸುಸ್ತಾಗಿರುತ್ತಾರೆ. ಮೇಲಾಗಿ ಈ ಸರ್ ಬೆಲ್ ಆದ ಮೇಲೂ ಕೂತು ಲೆಕ್ಕ ಬಿಡಿಸುವವರು. ಹಾಗಾಗಿ ಆಗಲ್ಲ ಅಂತ ಹೇಳುವ ಮನಸ್ಸು ಬರಲಿಲ್ಲ. ಶಾಲೆಯ ಟೈಮ್‌ಟೇಬಲ್ ಬರೆಯುವುದು ನಾನೇ, ಹಾಳೆ ಹರವಿಕೊಂಡು ಕೂತೆ.

ಸೋಮವಾರ ಮೊದಲನೇ ಪೀರಿಯಡ್ ಹತ್ತನೇ ಎಗೆ ಇಂಗ್ಲಿಷ್. ಗಣಿತ ಅಲ್ಲಿಗೆ ಬಂದರೆ ಇಂಗ್ಲಿಷ್ ಏಳಕ್ಕೆ ಹೋಗಬೇಕು. ಆದರೆ ಇಂಗ್ಲಿಷ್ ಸರ್ ಏಳರಲ್ಲಿ ಎಂಟನೇ ಬಿಯಲ್ಲಿ ಇರುತ್ತಾರೆ. ಸರಿ, ಎಂಟನೇ ಬಿಯ ಇಂಗ್ಲಿಷನ್ನು ಮೊದಲನೇದಕ್ಕೆ ತರೋಣ ಅಂದರೆ ಅಲ್ಲಿ ಹಿಂದಿ ಇದೆ. ಆ ಹಿಂದಿ ಏಳಕ್ಕೆ ಹೋದರೆ, ಹಿಂದಿ ಮೇಡಂ ಆ ಹೊತ್ತಿಗೆ ಒಂಬತ್ತನೇ ಎಯಲ್ಲಿ. ಒಂಬತ್ತನೇ ಎಯ ಹಿಂದಿ ಮೊದಲನೇದಕ್ಕೆ ಬಂದರೆ ಅಲ್ಲಿಂದ ಏಳಬೇಕಾದದ್ದು ಗಣಿತ. ಅದೂ ಇದೇ ಸರ್ ಗಣಿತ! ಅವರ ಏಳನೇ ಪೀರಿಯಡ್ ಈಗ ಖಾಲಿಯಾಗಿತ್ತಲ್ಲ, ಒಂಬತ್ತನೇ ಎ ಗಣಿತ ಅಲ್ಲಿ ಹೋಗಿ ಕೂತಿತು. ಸರಪಳಿ ಮುಚ್ಚಿತು.

ಒಂದು ಪೀರಿಯಡ್‌ಗೆ ಮೂರು ತರಗತಿ, ಮೂವರು ಟೀಚರ್, ಹಾಳೆಯ ಆರು ಮನೆ ಅಲುಗಾಡಿದವು.

ಹೀಗೆ ಬದಲಾಯಿಸಿದ ಮೇಲೆ ತರಗತಿವಾರು ಹಾಳೆ ನೋಡಿದರೆ ಸಾಲದು. ಅಲ್ಲಿ ಪ್ರತಿ ತರಗತಿಯ ಸಾಲೂ ತುಂಬಿ ಚೆನ್ನಾಗೇ ಕಾಣುತ್ತದೆ. ಕ್ಲ್ಯಾಶ್ ಸಿಗುವುದು ಮೇಲಿಂದ ಕೆಳಗೆ ಓದಿದಾಗ, ಒಂದೇ ಪೀರಿಯಡ್‌ನ ಕಾಲಮ್‌ನಲ್ಲಿ ಒಂದೇ ಹೆಸರು ಎರಡು ಸಲ ಬಂದಾಗ. ನಾನು ಎಕ್ಸೆಲ್‌ನಲ್ಲಿ ಆರು ತರಗತಿಗೆ ಆರು ಸಾಲು ಮಾಡಿ, ಪ್ರತಿ ಮನೆಯಲ್ಲೂ ಟೀಚರ್ ಇನಿಷಿಯಲ್ ಹಾಕಿ, ಕಂಡಿಷನಲ್ ಫಾರ್ಮ್ಯಾಟಿಂಗ್‌ಗೆ ಇದನ್ನು ಕೊಟ್ಟಿದ್ದೇನೆ:

```
=COUNTIF(B$2:B$7,B2)>1
```

ಎರಡು ಸಲ ಬಂದ ಹೆಸರು ತಕ್ಷಣ ಕೆಂಪಾಗುತ್ತದೆ. ಸೋಮವಾರ ಎಲ್ಲಾ ಮನೆ ಬದಲಾಯಿಸಿ ಮುಗಿಸಿದಾಗ ಎಲ್ಲೂ ಕೆಂಪು ಉಳಿಯಲಿಲ್ಲ.

ಆದರೂ ನನಗೆ ಸಮಾಧಾನ ಆಗಲಿಲ್ಲ. ಹತ್ತನೇ ಎ ಮಕ್ಕಳ ಸುಸ್ತು ತಪ್ಪಿತು, ಅದು ಹೋಗಿ ಒಂಬತ್ತನೇ ಎ ಮಕ್ಕಳ ಮೇಲೆ ಬಿತ್ತು. ಅವರೂ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬರೆಯುವವರೇ ಅಲ್ವಾ? “ಒಂದೇ ಪೀರಿಯಡ್” ಅಂದಾಗ ಆ ಮಕ್ಕಳು ಸರ್ ಕಣ್ಣಿಗೆ ಬಿದ್ದಿರಲಿಲ್ಲ. ಹಾಳೆ ಹರವುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಲ್ಲರಿಗೂ ಬೆಳಿಗ್ಗೆಯೇ ಗಣಿತ ಕೊಡೋಣ ಅಂದರೆ ಲೆಕ್ಕವೇ ಕೂಡುವುದಿಲ್ಲ. ಆರು ತರಗತಿಗೆ ವಾರಕ್ಕೆ ಆರಾರು, ಒಟ್ಟು 36 ಪೀರಿಯಡ್. ಗಣಿತಕ್ಕೆ ಇಬ್ಬರು ಟೀಚರ್. ಆರು ದಿನವೂ ಮೊದಲ ಎರಡು ಪೀರಿಯಡ್ ಪೂರ್ತಿ ಗಣಿತಕ್ಕೇ ಬಿಟ್ಟರೂ ಆಗುವುದು 24. ಉಳಿದ 12 ಆಮೇಲೆ ಬರಲೇಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಆ 12 ಯಾರ ಪಾಲಿಗೆ ಅಂತ. ಅದನ್ನು ಟೈಮ್‌ಟೇಬಲ್ ಬರೆಯುವವಳು ಒಬ್ಬಳೇ ತೀರ್ಮಾನಿಸಬಾರದು, ಸ್ಟಾಫ್ ಮೀಟಿಂಗ್‌ನಲ್ಲಿ ಎಲ್ಲರೂ ಕೂತು ಮಾತಾಡಬೇಕು.

ನಿಜವಾದ ಬಿಗಿ ಇರುವುದು ಹಿಂದಿಯಲ್ಲಿ. ಹಿಂದಿ ಮೇಡಂಗೆ ಎರಡು ಶಾಲೆ. ನಮ್ಮಲ್ಲಿಗೆ ಬರುವುದು ಸೋಮ, ಮಂಗಳ, ಬುಧ ಮಾತ್ರ. ತರಗತಿಗೆ ಮೂರರಂತೆ 18 ಪೀರಿಯಡ್, ಮೂರು ದಿನದಲ್ಲಿ ಇರುವುದೇ 21. ದಿನಕ್ಕೆ ಒಂದೇ ಬಿಡುವು. ಅದನ್ನೂ ನಡುವೆ ನಾಲ್ಕನೇ ಪೀರಿಯಡ್‌ಗೆ ಇಟ್ಟಿದ್ದೇನೆ, ಬೆಳಿಗ್ಗೆಯಿಂದ ನಿಂತ ಗಂಟಲಿಗೆ ಒಂದು ಲೋಟ ನೀರಾದರೂ ಇಳಿಯಲಿ ಅಂತ. ಬೇರೆ ವಿಷಯವಾದರೆ ಗುರುವಾರಕ್ಕೋ ಶುಕ್ರವಾರಕ್ಕೋ ತಳ್ಳಬಹುದು. ಹಿಂದಿಯನ್ನು ತಳ್ಳಲು ಜಾಗವಿಲ್ಲ. ಅದಕ್ಕೇ ಅದನ್ನು ಎಲ್ಲಕ್ಕಿಂತ ಮೊದಲು ಕೂರಿಸಿ, ಉಳಿದದ್ದನ್ನು ಅದರ ಸುತ್ತ ಹೊಂದಿಸುತ್ತೇನೆ. ಕೈ ಖಾಲಿ ಇರುವ ವಿಷಯವನ್ನು ಮೊದಲು ತುಂಬಿ ಹಿಂದಿಯನ್ನು ಕೊನೆಗೆ ಉಳಿಸಿಕೊಂಡರೆ ಇಡೀ ಹಾಳೆ ಅಳಿಸಬೇಕಾಗುತ್ತದೆ.

ಎಲ್ಲ ಟೀಚರ್‌ಗಳೂ ವಾರವಿಡೀ ಸಿಗುವಂತಿದ್ದು, ಯಾವ ಟೀಚರ್‌ಗೂ ಯಾವ ತರಗತಿಗೂ ವಾರದಲ್ಲಿರುವುದಕ್ಕಿಂತ ಜಾಸ್ತಿ ಪೀರಿಯಡ್ ಬೀಳದಿದ್ದರೆ, ಕ್ಲ್ಯಾಶ್ ಇಲ್ಲದ ಟೈಮ್‌ಟೇಬಲ್ ಇದ್ದೇ ಇರುತ್ತದೆ. ಅದು ಗಣಿತದಲ್ಲಿ ಸಾಬೀತಾದ ಮಾತು. “ಈ ದಿನ ಮಾತ್ರ ಬರುತ್ತೇನೆ” ಅನ್ನುವ ಷರತ್ತು ಸೇರಿದರೆ ಆ ಭರವಸೆ ಹೋಗುತ್ತದೆ. ಆಗ ಇದು ಬೇಗ ಬಿಡಿಸುವ ದಾರಿ ಯಾರಿಗೂ ಸಿಕ್ಕಿರದ ಕಠಿಣ ಲೆಕ್ಕಗಳ ಸಾಲಿಗೆ ಸೇರುತ್ತದೆ ಅಂತ ಎವನ್, ಇಟಾಯ್, ಶಮೀರ್ ಎಂಬ ಮೂವರು ಕಂಪ್ಯೂಟರ್ ವಿಜ್ಞಾನಿಗಳು 1976ರಲ್ಲೇ ತೋರಿಸಿದ್ದಾರೆ. ನಮ್ಮ ಮೇಡಂ ಎರಡು ಶಾಲೆಗೆ ಓಡಾಡುವಂತೆ ಮಾಡಿದ ಒಂದು ಆದೇಶದ ಬೆಲೆ ಎಷ್ಟು ಅಂತ ಅದನ್ನು ಓದಿದಾಗ ನನಗೆ ಅರ್ಥವಾಯಿತು. ಆ ಆದೇಶಕ್ಕೆ ಸಹಿ ಹಾಕುವವರ ಮುಂದೆ ಈ ಹಾಳೆ ಇರುವುದಿಲ್ಲ.

ನಿನ್ನೆ ಹೆಡ್‌ಮಾಸ್ಟರ್ ಹತ್ತಿರ ಹೋಗಿ, ಹಿಂದಿ ಮೇಡಂ ಸೋಮ, ಬುಧ, ಶುಕ್ರ ಬರುವಂತೆ ಆ ಶಾಲೆಯವರ ಜೊತೆ ಮಾತಾಡಿ ಸರ್ ಅಂತ ಕೇಳಿದೆ. ಪೀರಿಯಡ್ ಅಷ್ಟೇ ಇದ್ದರೂ ಮೂರೂ ದಿನದ ಒತ್ತಡ ಒಂದೇ ಕಡೆ ಸೇರುವುದಿಲ್ಲ, ಮಕ್ಕಳಿಗೂ ನಾಲ್ಕು ದಿನ ಹಿಂದಿಯೇ ಇಲ್ಲದೆ ಹೋಗುವುದಿಲ್ಲ. ಅವರು ಅಲ್ಲೇ ಫೋನ್ ಮಾಡಿದರು. ಆ ಕಡೆಯವರು ತಮ್ಮ ಟೈಮ್‌ಟೇಬಲ್ ನೋಡಿ ಹೇಳುತ್ತೇವೆ ಅಂದಿದ್ದಾರೆ.